ಅಡ್ಡ ಚೌಕಟ್ಟಿನೊಳಗೊಂದು ಚೌಕ: ಒಂದೇ ವಿಡಿಯೊ ಫೋನಿಗೂ ದೊಡ್ಡ ಪರದೆಗೂ

ಬೀದರ್‌ನಲ್ಲಿ ಮದುವೆ, ಜಾತ್ರೆ, ಅಂಗಡಿ ಜಾಹೀರಾತುಗಳ ವಿಡಿಯೊ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ

ಬಿದರಿ ಸುರಾಹಿಯೊಂದು ತಯಾರಾಗುವುದನ್ನು ತೋರಿಸುವ 90 ಸೆಕೆಂಡಿನ ವಿಡಿಯೊ ಮಾಡಬೇಕಾಗಿದೆ ಎಂದುಕೊಳ್ಳೋಣ. ಮಾಡಿಸುವವರಿಗೆ ಅದು ಫೋನಿನಲ್ಲಿ ರೀಲ್ಸ್ ಆಗಿಯೂ ಬೇಕು, ಮಳಿಗೆಯಲ್ಲಿ ಗೋಡೆಗೆ ಹಾಕಿದ ಟಿವಿಯಲ್ಲಿಯೂ ಬೇಕು, ಸಮಾರಂಭವಿದ್ದಾಗ ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆಯ ಮೇಲೂ ಬೇಕು. ಕೊಡುವ ದುಡ್ಡು ಮಾತ್ರ ಒಂದೇ ಶೂಟಿಂಗಿನದು. ಸಾಮಾನ್ಯವಾಗಿ ಆಗುವುದೇನೆಂದರೆ, ಅಡ್ಡ ವಿಡಿಯೊವನ್ನು ಪೂರ್ತಿ ಎಡಿಟ್ ಮಾಡಿ ಮುಗಿಸಿ, ಕೊನೆಯ ಗಳಿಗೆಯಲ್ಲಿ ನಡುವಿನಿಂದ ಉದ್ದಕ್ಕೆ ಕತ್ತರಿಸುತ್ತೇವೆ. ಆಗ ಕುಶಲಕರ್ಮಿಯ ಅರ್ಧ ಮುಖ, ಅರ್ಧ ಸುತ್ತಿಗೆ ಉಳಿಯುತ್ತವೆ. ಎಕ್ಸ್‌ಪೋರ್ಟ್ ಸೆಟ್ಟಿಂಗ್ ಬದಲಿಸಿ ಇದನ್ನು ಸರಿಮಾಡಲು ಬರುವುದಿಲ್ಲ. ಆದ್ದರಿಂದ ಎಕ್ಸ್‌ಪೋರ್ಟಿನ ಮಾತನ್ನು ಕ್ಯಾಮೆರಾ ಇಡುವ ಜಾಗದಿಂದಲೇ ಶುರುಮಾಡಬೇಕು.

ಮೊದಲು ಒಂದು ಲೆಕ್ಕ. ಅಡ್ಡ ಪರದೆಯ ಅನುಪಾತ 16:9, ಫೋನಿನದು 9:16. ಅಡ್ಡ ಚಿತ್ರದ ಪೂರ್ತಿ ಎತ್ತರವನ್ನು ಉಳಿಸಿಕೊಂಡು 9:16ರ ಪಟ್ಟಿ ತೆಗೆದರೆ, ಅಗಲದಲ್ಲಿ ಸಿಗುವುದು ಶೇ 31.6 ಮಾತ್ರ. ಮೂರನೇ ಒಂದು ಭಾಗವೂ ಇಲ್ಲ. 1920×1080ರಲ್ಲಿ ಶೂಟ್ ಮಾಡಿದ್ದರೆ ಆ ಪಟ್ಟಿಯ ಅಗಲ ಸುಮಾರು 608 ಪಿಕ್ಸೆಲ್. ರೀಲ್ಸಿಗೆ ಬೇಕಾದ 1080ಕ್ಕೆ ಅದನ್ನು 1.78 ಪಟ್ಟು ಹಿಗ್ಗಿಸಬೇಕಾಗುತ್ತದೆ. ಬಿದರಿಯ ಬೆಳ್ಳಿ ಗೆರೆಗಳು ಕೂದಲಿನಷ್ಟು ಸಣ್ಣವು, ಹಿಗ್ಗಿಸಿದರೆ ಕಲೆಸಿಹೋಗುತ್ತವೆ. 3840×2160ರಲ್ಲಿ, ಅಂದರೆ 4ಕೆಯಲ್ಲಿ ತೆಗೆದಿದ್ದರೆ ಅದೇ ಪಟ್ಟಿ 1215×2160 ಬರುತ್ತದೆ. ಅದನ್ನು 1080×1920ಕ್ಕೆ ಇಳಿಸುತ್ತೇವೆ, ಏರಿಸುವುದಿಲ್ಲ. ಎರಡೂ ಕಡೆ ಕೊಡಬೇಕಾದ ಕೆಲಸವನ್ನು 4ಕೆಯಲ್ಲಿ ತೆಗೆಯಿರಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಅಂತಿಮ ಟಿವಿ ಫೈಲು 1080ರಲ್ಲೇ ಇದ್ದರೂ ಈ ಮಾತು ಬದಲಾಗದು.

ಕ್ಯಾಮೆರಾದ ಮಾನಿಟರ್ ಮೇಲೆ ಎಡದಿಂದ ಶೇ 34, ಬಲದಿಂದ ಶೇ 34 ಅಗಲ ಅಳೆದು ಎರಡು ಸಣ್ಣ ಟೇಪ್ ಪಟ್ಟಿ ಅಂಟಿಸಿ. ಕೆಲವು ಕ್ಯಾಮೆರಾಗಳಲ್ಲಿ 9:16 ಗುರುತಿನ ಗೆರೆಯೇ ಇರುತ್ತದೆ, ಅದನ್ನು ಹಾಕಿಕೊಂಡರೂ ಆಯಿತು. ಆದರೆ ಆ ಪಟ್ಟಿಯೂ ಪೂರ್ತಿಯಾಗಿ ನಮ್ಮದಲ್ಲ. ರೀಲ್ಸ್ ನೋಡುವಾಗ ಕೆಳಗೆ ಖಾತೆಯ ಹೆಸರು, ಬರಹ, ಹಾಡಿನ ಹೆಸರು ಬಂದು ಕೂರುತ್ತವೆ. ಬಲಗಡೆ ಲೈಕ್, ಕಾಮೆಂಟ್ ಗುಂಡಿಗಳು, ಮೇಲೆ ಆ್ಯಪಿನ ಪಟ್ಟಿ. ರೀಲ್ಸ್ ಜಾಹೀರಾತು ಮಾಡುವವರಿಗೆ ಮೆಟಾ ಹೇಳುವ ಅಳತೆ ಹೀಗಿದೆ: ಮೇಲಿನ ಶೇ 14, ಕೆಳಗಿನ ಶೇ 35, ಎರಡೂ ಬದಿಯ ಶೇ 6 ಖಾಲಿ ಬಿಡಿ. ಇದು ಜಾಹೀರಾತಿಗೆ ಹೇಳಿದ್ದಾದರೂ ಎಲ್ಲ ರೀಲ್ಸಿಗೂ ಇಟ್ಟುಕೊಳ್ಳುವುದು ಒಳ್ಳೆಯದು. ಉಳಿದ ಆ್ಯಪ್‌ಗಳಲ್ಲಿಯೂ ಇದರೊಳಗೆ ಇಟ್ಟದ್ದು ಬಹುಮಟ್ಟಿಗೆ ಬಚಾವಾಗುತ್ತದೆ.

ಈಗ ಎರಡೂ ಲೆಕ್ಕವನ್ನು ಕೂಡಿಸಿ ನೋಡಿ. 1215 ಅಗಲದಲ್ಲಿ ಬದಿಯ ಶೇ 12 ಕಳೆದರೆ 1069. 2160 ಎತ್ತರದಲ್ಲಿ ಮೇಲಿನ 302, ಕೆಳಗಿನ 756 ಕಳೆದರೆ 1102. ಅಂದರೆ ಇಡೀ 4ಕೆ ಚಿತ್ರದಲ್ಲಿ, ಫೋನಿನಲ್ಲಿ ಯಾವ ಅಡ್ಡಿಯೂ ಇಲ್ಲದೆ ಕಾಣುವ ಜಾಗ ಸುಮಾರು 1070×1100ರ ಒಂದು ಚೌಕ. ಅದು ನಟ್ಟನಡುವೆ ಇಲ್ಲ, ನಡುವಿನಿಂದ ಸ್ವಲ್ಪ ಮೇಲಿದೆ. ವಿಸ್ತೀರ್ಣದ ಲೆಕ್ಕದಲ್ಲಿ ಇಡೀ ಚಿತ್ರದ ಶೇ 14. ನೋಡಲೇಬೇಕಾದದ್ದು ಆ ಚೌಕದೊಳಗೆ ಬರಬೇಕು. ಉಳಿದ ಜಾಗ ದಂಡವಲ್ಲ, ಅಡ್ಡ ಪರದೆಯಲ್ಲಿ ಅದೇ ಕೆಲಸಕ್ಕೆ ಬರುತ್ತದೆ.

ಇದನ್ನು ಬಿದರಿ ಕೆಲಸಕ್ಕೆ ಹೊಂದಿಸೋಣ. ಕುಶಲಕರ್ಮಿ ನೆಲದ ಮೇಲೆ ಕೂತು, ಸುರಾಹಿಯನ್ನು ಮುಂದಿಟ್ಟುಕೊಂಡು, ಉಳಿಯಿಂದ ಕೊರೆದ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಬದಿಯಿಂದ ತೆಗೆದರೆ ಮುಖ ಎಡಕ್ಕೆ, ಕೆಲಸ ಬಲಕ್ಕೆ ಹೋಗುತ್ತದೆ. ಅಡ್ಡ ಪರದೆಗೆ ಅದು ಚೆಂದವೇ, ಉದ್ದ ಪಟ್ಟಿಯಲ್ಲಿ ಮಾತ್ರ ಎರಡರಲ್ಲಿ ಒಂದು ಹೋಗಿಬಿಡುತ್ತದೆ. ಕ್ಯಾಮೆರಾವನ್ನು ಎದುರಿಗೆ ತಂದು ತುಸು ಎತ್ತರದಲ್ಲಿ ಇಡಿ. ಆಗ ಮುಖ ಮೇಲೆ, ಕೈ ಮತ್ತು ಸುರಾಹಿ ಅದರ ಕೆಳಗೆ, ಒಂದೇ ನೇರದಲ್ಲಿ ಬರುತ್ತವೆ. ಎಡಕ್ಕೆ ಉಳಿಗಳ ಸಾಲು, ಬಲಕ್ಕೆ ಮುಗಿದ ಹೂಜಿ, ತಟ್ಟೆಗಳನ್ನು ಜೋಡಿಸಿದರೆ ಅಡ್ಡ ಪರದೆಯೂ ತುಂಬುತ್ತದೆ.

ಇಲ್ಲಿ ಅನುಭವಿಗಳೂ ತಪ್ಪುವ ಜಾಗವೊಂದಿದೆ. ಮುಖ ಮೇಲೆ, ಕೆಲಸ ಕೆಳಗೆ ಎಂದು ಜೋಡಿಸಿ ಫ್ರೇಮನ್ನು ಬಿಗಿ ಮಾಡಿದರೆ ಕೈಗಳು ತೀರಾ ಕೆಳಗೆ, ಆ ಶೇ 35ರೊಳಗೆ ಬಂದು ಬೀಳುತ್ತವೆ. ಎಡಿಟಿಂಗ್ ಟೇಬಲ್ಲಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ರೀಲ್ಸ್ ಹಾಕಿದ ಮೇಲೆ ಸುರಾಹಿಯ ಮೇಲೆ ಹ್ಯಾಷ್‌ಟ್ಯಾಗ್ ಕುಳಿತಿರುತ್ತದೆ. ಹಾಗಾಗಿ ಫ್ರೇಮನ್ನು ಸಡಿಲ ಬಿಟ್ಟು, ಕೈಯ ಕೆಳಗೆ ಬರೀ ನೆಲ, ಚಾಪೆ ಕಾಣುವಷ್ಟು ಜಾಗ ಉಳಿಸಿ. ಅಡ್ಡ ಪರದೆಯಲ್ಲಿ ಅದೇ ಖಾಲಿ ಜಾಗದಲ್ಲಿ ಹೆಸರು, ವಿವರಣೆಯ ಅಕ್ಷರ ಕೂರಿಸಬಹುದು. ಒಂದೇ ಖಾಲಿ ಜಾಗ, ಫೋನಿನಲ್ಲಿ ಆ್ಯಪ್ ಬಳಸಿಕೊಳ್ಳುತ್ತದೆ, ಟಿವಿಯಲ್ಲಿ ನಾವು ಬಳಸಿಕೊಳ್ಳುತ್ತೇವೆ.

ಸಭೆಯಲ್ಲಿ ಒಬ್ಬರು ಕೇಳಿದರು: "ಸರ, ಎರಡ್ ಸಲ ಶೂಟ್ ಮಾಡಿದ್ರ ಆಗಂಗಿಲ್ಲೇನ್ರಿ? ಒಮ್ಮಿ ಅಡ್ಡ, ಒಮ್ಮಿ ಉದ್ದ?"

ತಂತಿ ತಟ್ಟುವುದನ್ನು ಎರಡು ಸಲ ತೆಗೆಯಬಹುದು, ತೊಂದರೆಯಿಲ್ಲ. ಆದರೆ ಈ ವಿಡಿಯೊದ ಜೀವವಿರುವುದು ಕೊನೆಯ ಹಂತದಲ್ಲಿ. ಸತು ಮತ್ತು ತಾಮ್ರದ ಮಿಶ್ರಲೋಹದ ಆ ಪಾತ್ರೆ ಅಲ್ಲಿಯವರೆಗೂ ಬೂದು ಬಣ್ಣದ್ದು, ಬೆಳ್ಳಿ ಎದ್ದು ಕಾಣುವುದಿಲ್ಲ. ಬೀದರ್ ಕೋಟೆಯ ಮಣ್ಣಿಗೆ ಅಮೋನಿಯಂ ಕ್ಲೋರೈಡ್ ಬೆರೆಸಿದ ಮಿಶ್ರಣವನ್ನು ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತೊಳೆದಾಗ ಲೋಹ ಕಪ್ಪಾಗಿ, ಬೆಳ್ಳಿ ಹಾಗೇ ಹೊಳೆಯುತ್ತ ಉಳಿಯುತ್ತದೆ. ಒಂದು ಸುರಾಹಿಗೆ ಇದು ಒಂದೇ ಸಲ ಆಗುವಂಥದ್ದು. ಅಂಥ ಕಡೆ ಎರಡು ಕ್ಯಾಮೆರಾ ಇದ್ದರೆ ಎರಡನ್ನೂ ಹಚ್ಚಿ, ಒಂದೇ ಇದ್ದರೆ ಚೌಕದ ನಿಯಮವನ್ನು ಬಿಗಿಯಾಗಿ ಪಾಲಿಸಿ.

ಎಲ್ಲ ಶಾಟ್‌ಗಳೂ ಚೌಕದಲ್ಲಿ ಕೂರುವುದಿಲ್ಲ. ವಿಡಿಯೊದ ಆರಂಭಕ್ಕೆ ಮಹಮೂದ್ ಗವಾನ್ ಮದರಸಾದ ಮುಂಭಾಗವನ್ನು ತೋರಿಸುತ್ತೀರಿ ಎಂದಿಟ್ಟುಕೊಳ್ಳಿ. 1472ರ ಕಟ್ಟಡ, ಮುಂದಿನ ಮಿನಾರುಗಳಲ್ಲಿ ಉಳಿದಿರುವುದು ಒಂದೇ. ಅಗಲವಾದ ಇಡೀ ಮುಖ ಉದ್ದ ಪಟ್ಟಿಗೆ ಹಿಡಿಸದು. ಎಡಿಟಿಂಗಿನಲ್ಲಿ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಸರಿಸಿದರೆ ಆಯಿತಲ್ಲ ಎನ್ನಿಸುತ್ತದೆ. ಲೆಕ್ಕ ಹಾಕಿ: 3840ರಲ್ಲಿ 1215ರ ಪಟ್ಟಿ ಸರಿಯಬೇಕಾದ ದೂರ 2625 ಪಿಕ್ಸೆಲ್, ಶಾಟ್ ಇರುವುದು 6 ಸೆಕೆಂಡ್. ಒಂದು ವಸ್ತು ಪರದೆಯ ಒಂದಂಚಿನಿಂದ ಇನ್ನೊಂದಂಚಿಗೆ ಹೋಗಲು ಸುಮಾರು 7 ಸೆಕೆಂಡ್ ಹಿಡಿಯುವಂತಿರಬೇಕು, ಇಲ್ಲದಿದ್ದರೆ 24, 25 ಫ್ರೇಮಿನಲ್ಲಿ ಗೋಡೆ, ಕಮಾನುಗಳ ಅಂಚು ಜರ್ಕ್ ಹೊಡೆಯುತ್ತವೆ ಎಂಬುದು ಕ್ಯಾಮೆರಾದವರ ಹಳೆಯ ನಿಯಮ. ಆ ಪ್ರಕಾರ 6 ಸೆಕೆಂಡಿನಲ್ಲಿ ಸರಿಸಬಹುದಾದದ್ದು ಸುಮಾರು 1040 ಪಿಕ್ಸೆಲ್ ಅಷ್ಟೇ. ಮಿನಾರಿನಿಂದ ಶುರುಮಾಡಿ ಪಕ್ಕದ ಗೋಡೆಯ ಸ್ವಲ್ಪ ಭಾಗಕ್ಕೆ ಬಂದು ನಿಲ್ಲಿ. ಉದ್ದ ಪರದೆಗೆ ಒಪ್ಪುವುದು ಮಿನಾರೇ.

ಅಡ್ಡ ವಿಡಿಯೊವನ್ನು ಚಿಕ್ಕದು ಮಾಡಿ ನಡುವೆ ಇಟ್ಟು, ಮೇಲೆ ಕೆಳಗೆ ಅದನ್ನೇ ಮಸುಕು ಮಾಡಿ ತುಂಬುವ ಪದ್ಧತಿಯಿದೆ. ಅದರಲ್ಲಿ 1920 ಎತ್ತರಕ್ಕೆ ನಿಜವಾದ ಚಿತ್ರ ಸಿಗುವುದು 608 ಪಿಕ್ಸೆಲ್ ಮಾತ್ರ. ಬೆಳ್ಳಿ ಗೆರೆ ತೋರಿಸುವ ವಿಡಿಯೊಗೆ ಇದು ಸಲ್ಲದು. ಅದರ ಬದಲು ಪರದೆಯನ್ನು ಎರಡು ಅಂತಸ್ತು ಮಾಡಿ, ಮೇಲೆ 1080×960ರಲ್ಲಿ ಮುಖ, ಕೆಳಗೆ ಅಷ್ಟೇ ಅಳತೆಯಲ್ಲಿ ಕೈ. 4ಕೆಯಿಂದ 1080×960ರ ತುಂಡನ್ನು ಹಿಗ್ಗಿಸದೆ ಹಾಗೆಯೇ ಕತ್ತರಿಸಿಕೊಳ್ಳಬಹುದು. ಬದಿಯಿಂದ ತೆಗೆದ ಹಳೆಯ ಶಾಟ್‌ಗಳನ್ನು ಉಳಿಸಿಕೊಳ್ಳುವ ದಾರಿ ಇದೇ. ಆದರೆ ಕೆಳಗಿನ ಅಂತಸ್ತಿನ ಬಹುಪಾಲು ಆ್ಯಪಿನ ಬರಹದಡಿ ಹೋಗುವುದರಿಂದ, ಕೈ ಮತ್ತು ತಂತಿ ಆ ತುಂಡಿನ ಮೇಲಿನ 280 ಪಿಕ್ಸೆಲ್ಲಿನೊಳಗೆ ಬರುವಂತೆ ಕತ್ತರಿಸಿ. ಅಷ್ಟು ಸಾಲದಿದ್ದರೆ ಅಂತಸ್ತುಗಳನ್ನು ಅದಲುಬದಲು ಮಾಡಿ, ಕೆಲಸವನ್ನೇ ಮೇಲಿಡಿ.

ಎಡಿಟಿಂಗಿನಲ್ಲಿ ಎರಡು ಟೈಮ್‌ಲೈನ್ ಇರಲಿ: ಅಡ್ಡದ್ದು 3840×2160, ಉದ್ದದ್ದು 1080×1920. ಅಡ್ಡದ್ದನ್ನು ಮುಗಿಸಿ, ಧ್ವನಿ ಕೂಡಿಸಿ, ಬಣ್ಣ ಸರಿಮಾಡಿದ ಮೇಲೆ ಅದನ್ನು ನಕಲು ಮಾಡಿ, ನಕಲಿನ ಅಳತೆ ಬದಲಿಸಿ, ಒಂದೊಂದು ಶಾಟನ್ನೂ ಕೈಯಿಂದ ಸರಿಸಿ ಕೂರಿಸಿ. ಮೂವತ್ತು ಶಾಟಿನ ವಿಡಿಯೊಗೆ ಇದು ದೊಡ್ಡ ಹೊತ್ತು ಹಿಡಿಯುವ ಕೆಲಸವಲ್ಲ. ಅಕ್ಷರಗಳನ್ನು ಮಾತ್ರ ನಕಲು ಮಾಡಬೇಡಿ, ಹೊಸದಾಗಿ ಹಾಕಿ. ಉದ್ದದ್ದರಲ್ಲಿ ಕನ್ನಡ ಅಕ್ಷರ 60 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಒತ್ತಕ್ಷರಗಳು ಕಲೆಸುತ್ತವೆ. ಎರಡು ಸಾಲು ಇದ್ದರೆ ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಒತ್ತಕ್ಷರ ಪಕ್ಕಕ್ಕೆ ಒಡೆದು ಕೂತರೆ ತಪ್ಪು ಫಾಂಟಿನದೇ ಆಗಿರಬೇಕೆಂದಿಲ್ಲ. ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್‌ಗಳಲ್ಲಿ ಅಕ್ಷರದ ಎಂಜಿನನ್ನು South Asian and Middle Eastern ಎಂದು ಬದಲಿಸಿ ನೋಡಿ.

ಫ್ರೇಮ್ ರೇಟಿನ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ನಮ್ಮ ಕರೆಂಟು 50 ಹರ್ಟ್ಸ್‌ನದು, ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಮಿಣುಕು ಸಿಕ್ಕಿಕೊಳ್ಳುವುದಿಲ್ಲ. ಫೋನಿನಲ್ಲಿ 30 ಫ್ರೇಮಿನಲ್ಲಿ ತೆಗೆದರೂ ಶಟರನ್ನು 1/50ಕ್ಕೇ ಬಿಗಿ ಮಾಡಿ. 25ರಲ್ಲಿ ತೆಗೆದದ್ದನ್ನು ಫೋನಿಗೆಂದು 30ಕ್ಕೆ ಬದಲಿಸಬೇಡಿ. ಐದು ಫ್ರೇಮಿಗೊಂದು ಫ್ರೇಮ್ ಎರಡು ಸಲ ಬಂದು ಸುತ್ತಿಗೆಯ ಏಟು ತೊದಲುತ್ತದೆ. ತೆಗೆದ ರೇಟಿನಲ್ಲೇ ಎರಡನ್ನೂ ಹೊರತನ್ನಿ. ಐಫೋನಿನಲ್ಲಿ ತೆಗೆಯುವವರು ಸೆಟ್ಟಿಂಗ್ಸ್‌ನ ಕ್ಯಾಮೆರಾದಲ್ಲಿ HDR Video ಆಫ್ ಮಾಡಿಬಿಡಿ. ಸರಿಯಾಗಿ ಪರಿವರ್ತಿಸದೆ ಸಾಮಾನ್ಯ ವಿಡಿಯೊಗೆ ಸೇರಿಸಿದರೆ ಬಣ್ಣ ಬಿಳಚಿಕೊಳ್ಳುತ್ತದೆ, ಬಿದರಿಯ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ.

ಆ ಕಪ್ಪೇ ಈ ವಿಡಿಯೊದ ದೊಡ್ಡ ಪರೀಕ್ಷೆ. ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ 16ರಿಂದ 235ರ ತನಕ ಮೆಟ್ಟಿಲುಗಳಿವೆ. ಕಪ್ಪು ಸುರಾಹಿಯನ್ನು ಕಪ್ಪು ಮಖಮಲ್ಲಿನ ಮುಂದೆ ಇಟ್ಟು ಒಂದು ಬದಿಯಿಂದ ಬೆಳಕು ಬಿಟ್ಟರೆ, ಹಿನ್ನೆಲೆ ಇಡೀ 16ರಿಂದ 40ರೊಳಗೆ ಮುಗಿಯುತ್ತದೆ. 1080 ಪಿಕ್ಸೆಲ್ ಅಗಲವನ್ನು 24 ಮೆಟ್ಟಿಲಿಗೆ ಹಂಚಿದರೆ ಒಂದೊಂದು ಮೆಟ್ಟಿಲೂ 45 ಪಿಕ್ಸೆಲ್ ಅಗಲದ ಪಟ್ಟೆ. ಅದು ಕಣ್ಣಿಗೆ ಕಾಣುತ್ತದೆ. ಅಪ್‌ಲೋಡ್ ಮಾಡಿದ ಮೇಲೆ ಆ್ಯಪ್ ತನ್ನದೇ ಆದ ರೀತಿ ಮತ್ತೊಮ್ಮೆ ಅದನ್ನು ಕುಗ್ಗಿಸುತ್ತದೆ. ಆಗ ಕತ್ತಲ ಭಾಗಕ್ಕೆ ಬಿಟ್ ಕಡಿಮೆ ಕೊಡುವುದರಿಂದ ಪಟ್ಟೆಗಳು ಚೌಕ ಚೌಕ ತುಂಡುಗಳಾಗುತ್ತವೆ. ಬಿಟ್‌ರೇಟ್ 20ರಿಂದ 60 ಎಂಬಿಪಿಎಸ್‌ಗೆ ಏರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ನೋಡುವವರಿಗೆ ಹೋಗುವುದು ನಮ್ಮ ಫೈಲಲ್ಲ, ಆ್ಯಪ್ ಮಾಡಿಕೊಂಡ ಫೈಲು.

ಮದ್ದು ಇರುವುದು ಬೆಳಕಿನಲ್ಲಿ. ಕಪ್ಪು ಮಖಮಲ್ ತೆಗೆದು ಮಣ್ಣಿನ ಬಣ್ಣದ ಬಟ್ಟೆ ಅಥವಾ ಸುಣ್ಣದ ಗೋಡೆ ಹಿಂದೆ ಬರಲಿ. ಬಿಳಿ ಥರ್ಮಾಕೋಲ್ ಹಾಳೆಯೊಂದನ್ನು ಸುರಾಹಿಯ ಪಕ್ಕ ನಿಲ್ಲಿಸಿ ಬೆಳಕನ್ನು ಅದಕ್ಕೆ ಬಿಡಿ. ಕಪ್ಪು ಮೈ ಮೇಲೆ ಅಗಲವಾದ, ಮೃದುವಾದ ಹೊಳಪು ಬಂದು ಸುರಾಹಿಯ ಗುಂಡು ಎದ್ದು ಕಾಣುತ್ತದೆ, ಬೆಳ್ಳಿಯೂ ಸುಟ್ಟಂತೆ ಬಿಳಿಯಾಗುವುದಿಲ್ಲ. ಕ್ಯಾಮೆರಾದಲ್ಲಿ 10 ಬಿಟ್ ಇದ್ದರೆ ಬಳಸಿ, ಬಣ್ಣ ಸರಿಮಾಡುವಾಗ ಹಿಡಿತ ಸಿಗುತ್ತದೆ. ಸಣ್ಣ ಗ್ರೇನ್ ಸೇರಿಸಿ ಪಟ್ಟೆ ಮರೆಸುವ ಉಪಾಯ ಪೆನ್‌ಡ್ರೈವಿನಿಂದ ಓಡುವ ಟಿವಿ ಫೈಲಿಗೆ ಸರಿ. ರೀಲ್ಸಿಗೆ ಮಾಡಬೇಡಿ, ಮರುಕುಗ್ಗಿಸುವಾಗ ಗ್ರೇನ್ ಅಳಿಸಿಹೋಗಿ ಕಲೆಗಳಾಗಿ ಉಳಿಯುತ್ತದೆ.

ಇನ್ನು ಎಕ್ಸ್‌ಪೋರ್ಟ್. ಎರಡೂ ಟೈಮ್‌ಲೈನಿನಿಂದ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಒಂದೊಂದು ಮಾಸ್ಟರ್ ತೆಗೆದಿಟ್ಟುಕೊಳ್ಳಿ. ಹಂಚುವ ಫೈಲುಗಳನ್ನೆಲ್ಲ ಅದರಿಂದ ಮಾಡಬೇಕು, ಒಂದು ಎಂಪಿ4ನಿಂದ ಇನ್ನೊಂದು ಎಂಪಿ4 ಮಾಡಬಾರದು. ಉದ್ದದ್ದಕ್ಕೆ ಹೀಗೆ:

```
ffmpeg -i bidri_9x16_master.mov -c:v libx264 -profile:v high \
 -preset slow -crf 16 -aq-mode 3 -pix_fmt yuv420p \
 -c:a aac -b:a 320k -ar 48000 -movflags +faststart bidri_9x16.mp4
```

ಇದರಲ್ಲಿ `-aq-mode 3` ಕತ್ತಲ ಭಾಗಗಳಿಗೆ ಹೆಚ್ಚು ಬಿಟ್ ಕೊಡುತ್ತದೆ, ಬಿದರಿಗೆ ಬೇಕಾದದ್ದೇ ಅದು. `yuv420p` ಇಲ್ಲದಿದ್ದರೆ ಪ್ರೊರೆಸ್‌ನ 10 ಬಿಟ್ 4:2:2 ಹಾಗೇ ಉಳಿಯುತ್ತದೆ, ಹೈ ಪ್ರೊಫೈಲ್ ಅದನ್ನು ಒಪ್ಪದೆ ಕಮಾಂಡ್ ಅಲ್ಲೇ ನಿಲ್ಲುತ್ತದೆ. ಪ್ರೊಫೈಲನ್ನೂ ತೆಗೆದುಹಾಕಿದರೆ ಹಲವು ಫೋನು, ಟಿವಿಗಳಲ್ಲಿ ಫೈಲು ತೆರೆಯುವುದೇ ಇಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಿಂದಲೇ ನೇರವಾಗಿ ತೆಗೆಯುವವರು ಎಚ್.264, ಹೈ ಪ್ರೊಫೈಲ್, 16 ಎಂಬಿಪಿಎಸ್ ಇಡಿ. 90 ಸೆಕೆಂಡಿಗೆ ಫೈಲು ಸುಮಾರು 180 ಎಂಬಿ ಬರುತ್ತದೆ. ಯೂಟ್ಯೂಬಿನ ಅಡ್ಡ ಫೈಲನ್ನು 2160ರಲ್ಲೇ, 35ರಿಂದ 45 ಎಂಬಿಪಿಎಸ್‌ನಲ್ಲಿ ಕೊಡಿ. 25 ಅಥವಾ 30 ಫ್ರೇಮಿನ 4ಕೆಗೆ ಯೂಟ್ಯೂಬ್ ಸೂಚಿಸುವ ಅಳತೆಯೂ ಅದೇ.

ಕಳಿಸುವಾಗ ಇನ್ನೊಂದು ಗುಂಡಿಯಿದೆ. ಮುಗಿದ ಫೈಲನ್ನು ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಅಲ್ಲೇ ಕುಗ್ಗುತ್ತದೆ, ಅಂಗಡಿಯವರು ಅದನ್ನೇ ರೀಲ್ಸಿಗೆ ಹಾಕಿದರೆ ಎರಡನೇ ಸಲ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. "ನೀವು ಕೊಟ್ಟದ್ದು ಮಸುಕಾಗಿದೆ" ಎಂಬ ದೂರು ಬಂದರೆ ಅವರ ಫೋನಿನಲ್ಲಿ ಫೈಲಿನ ವಿವರ ತೆರೆದು ನೋಡಿ. 1080×1920 ಇರಬೇಕಾದಲ್ಲಿ ಅದಕ್ಕಿಂತ ಚಿಕ್ಕ ಅಳತೆ ಇದ್ದರೆ ಕಾರಣ ಸಿಕ್ಕಿತು. ಇನ್‌ಸ್ಟಾಗ್ರಾಮ್ ಸೆಟ್ಟಿಂಗ್ಸ್‌ನಲ್ಲಿ Upload at highest quality ಹಾಕಿಸಿಕೊಡಿ. ಖಾತೆಯ ಪುಟದ ಜಾಲರಿಯಲ್ಲಿ ರೀಲ್ಸಿನ ಕವರ್ ಈಗ 3:4ಕ್ಕೆ ಕತ್ತರಿಸಿ ಕಾಣುತ್ತದೆ, ಅಂದರೆ ಮೇಲೆ 240, ಕೆಳಗೆ 240 ಪಿಕ್ಸೆಲ್ ಹೋಗುತ್ತವೆ. ಸುರಾಹಿಯ ಹೆಸರನ್ನು ಚೌಕದೊಳಗೆ ಬರೆದಿದ್ದರೆ ಅದಕ್ಕೂ ಧಕ್ಕೆಯಿಲ್ಲ.

ಟಿವಿಯಲ್ಲಿ ಕಪ್ಪು ಬೂದಿಯಂತೆ ಕಂಡರೆ ಅಥವಾ ಕೆತ್ತಿದ ಗೀರುಗಳೆಲ್ಲ ಕಪ್ಪಿನಲ್ಲಿ ಮುಳುಗಿದರೆ ತಕ್ಷಣ ಮರು ಎಕ್ಸ್‌ಪೋರ್ಟ್‌ಗೆ ಓಡಬೇಡಿ. ಅದೇ ಫೈಲನ್ನು ಪೆನ್‌ಡ್ರೈವಿನಿಂದ ಟಿವಿಯಲ್ಲೇ ಓಡಿಸಿ. ಪೆನ್‌ಡ್ರೈವಿನಲ್ಲಿ ಸರಿಯಿದ್ದು ಲ್ಯಾಪ್‌ಟಾಪಿನ ಎಚ್‌ಡಿಎಂಐನಲ್ಲಿ ಕೆಟ್ಟರೆ, ದೋಷ ಲ್ಯಾಪ್‌ಟಾಪಿನ ಅಥವಾ ಟಿವಿಯ ಕಪ್ಪಿನ ಮಟ್ಟದ ಸೆಟ್ಟಿಂಗಿನದು: ಒಂದು 16ನ್ನು ಕಪ್ಪು ಎನ್ನುತ್ತಿದೆ, ಇನ್ನೊಂದು 0 ಎನ್ನುತ್ತಿದೆ. ಎರಡರಲ್ಲೂ ಕೆಟ್ಟರೆ ಮಾತ್ರ ಫೈಲನ್ನು ನೋಡಿ:

```
ffprobe -v error -select_streams v:0 -show_entries \
 stream=width,height,pix_fmt,color_range,color_space,avg_frame_rate \
 -of default=nw=1 bidri_16x9.mp4
```

`color_range=tv`, `color_space=bt709`, `pix_fmt=yuv420p` ಬಂದರೆ ಫೈಲು ಸರಿಯಾಗಿ ಗುರುತಾಗಿದೆ. `pc` ಅಥವಾ `yuvj420p` ಎಂದಿದ್ದರೆ ಮಾಸ್ಟರ್ ತೆಗೆಯುವಾಗ ಪೂರ್ಣ ಶ್ರೇಣಿ ಆಯ್ಕೆಯಾಗಿದೆ, ಅಲ್ಲಿಂದ ಸರಿಮಾಡಿ. ಮಳಿಗೆಯ ಟಿವಿ ಹಳೆಯದಾಗಿದ್ದರೆ 1920×1080, 12 ಎಂಬಿಪಿಎಸ್, ಎಚ್.264 ಸಾಕು. ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಟಿವಿಯ ಚಿತ್ರದ ಅಳತೆಯನ್ನು Just Scan ಅಥವಾ Screen Fit ಎಂದು ಬದಲಿಸಿ. ದಿನವಿಡೀ ಓಡಲಿ ಎಂದು ಅದನ್ನೇ ಜೋಡಿಸಿ ಒಂದು ಗಂಟೆಯ ಫೈಲು ಮಾಡುವವರಿದ್ದಾರೆ. ಎಫ್‌ಎಟಿ32 ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸದು, 12 ಎಂಬಿಪಿಎಸ್‌ನಲ್ಲಿ ಸುಮಾರು 47 ನಿಮಿಷಕ್ಕೇ ಆ ಮಿತಿ ಮುಟ್ಟುತ್ತದೆ. ಟಿವಿಯ ರಿಪೀಟ್ ಗುಂಡಿ ಒತ್ತಿದರೆ 90 ಸೆಕೆಂಡಿನ ಫೈಲೇ ದಿನವಿಡೀ ಓಡುತ್ತದೆ.

ಎಲ್‌ಇಡಿ ಗೋಡೆಯವರಿಗೆ ಫೋನ್ ಮಾಡಿ ಕೇಳಬೇಕಾದದ್ದು "ಎಷ್ಟು ಅಡಿ" ಎಂದಲ್ಲ, "ಎಷ್ಟು ಪಿಕ್ಸೆಲ್" ಎಂದು. ಪಿ3.91 ಫಲಕದಲ್ಲಿ 500 ಮಿಲಿಮೀಟರಿನ ಒಂದು ಕ್ಯಾಬಿನೆಟ್ಟಿಗೆ 128 ಪಿಕ್ಸೆಲ್ ಇರುತ್ತವೆ. 6 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆಯೆಂದರೆ 12×6 ಕ್ಯಾಬಿನೆಟ್, ಅಂದರೆ 1536×768. ಅನುಪಾತ 2:1, ನಮ್ಮ 16:9 ಅಲ್ಲ. ನಿರ್ವಾಹಕರು ಏನೂ ಯೋಚಿಸದೆ ಗೋಡೆ ತುಂಬಿಸಿದರೆ ಸುರಾಹಿ ಅಡ್ಡಕ್ಕೆ ಹಿಗ್ಗಿ ಗಡಿಗೆಯಂತಾಗುತ್ತದೆ. ಅನುಪಾತ ಉಳಿಸಿ ಅಗಲ ತುಂಬಿಸಿದರೆ ಮೇಲೆ ಕೆಳಗೆ ಶೇ 5.5 ಕತ್ತರಿಸಿಹೋಗುತ್ತದೆ. ಚೌಕದೊಳಗಿನ ಕೆಲಸಕ್ಕೆ ಅದರಿಂದ ಏನೂ ಆಗದು, ಕೆಳಗೆ ಬರೆದ ಅಕ್ಷರಕ್ಕೆ ಆಗುತ್ತದೆ. ಆದ್ದರಿಂದ ಅಡ್ಡ ಫೈಲಿನ ಅಕ್ಷರವನ್ನು ಕೆಳಗಿನ ಅಂಚಿನಿಂದ ಶೇ 10 ಮೇಲೆ ಇಡಿ. ಸಮಯವಿದ್ದರೆ ಅಡ್ಡ ಟೈಮ್‌ಲೈನನ್ನು ಇನ್ನೊಮ್ಮೆ ನಕಲಿಸಿ 1536×768ಕ್ಕೆ ಹೊಂದಿಸಿ, ಬೇರೆ ಫೈಲು ಮಾಡಿ ಕೊಡಿ. ಸಣ್ಣ ಬೆಳ್ಳಿ ಗೆರೆಗಳು ಆ ಗೋಡೆಯ ಮೇಲೆ ಮಿಣಮಿಣ ಎಂದರೆ ಶಾರ್ಪನಿಂಗ್ ತೆಗೆದುಹಾಕಿ. ಗೆರೆಯ ದಪ್ಪ ಎರಡು ಪಿಕ್ಸೆಲ್‌ಗಿಂತ ಕಡಿಮೆಯಾದ ಕಡೆ ಆ ಶಾಟನ್ನು ಇನ್ನಷ್ಟು ಹತ್ತಿರದ ಶಾಟಿನಿಂದ ಬದಲಿಸಿ.